ಶಾಲೆಗೆ ಹೋದ್ರೆ ವೈಬ್ರೇಟ್, ಚಾರ್ಜಿಗೆ ಹಾಕಿದ್ರೆ ಸೈಲೆಂಟ್, ಹೊರಟ್ರೆ ಅಮ್ಮಂಗೆ ಮೆಸೇಜ್: ಮೂರೂ ಸೇರಿ ಫೋನ್ ಮೂಕವಾಗಿದೆ

ಅರಸೀಕೆರೆ_ಮೇಷ್ಟ್ರು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಹೇಳಿ. ನಾನು ಹೈಸ್ಕೂಲ್ ಮೇಷ್ಟ್ರು, ಮನೆ ಅರಸೀಕೆರೆ, ಶಾಲೆ ತಿಪಟೂರು ತಾಲೂಕಿನ ಒಂದು ಹಳ್ಳಿ, ದಿನಾ ಬಸ್ಸಲ್ಲಿ ಓಡಾಟ. ಫೋನಲ್ಲೇ ಬರೋ ರೂಟೀನ್ ಸೆಟ್ಟಿಂಗಲ್ಲಿ ಮೂರು ಮಾಡ್ಕೊಂಡಿದೀನಿ, ಬೇರೆ ಆಪ್ ಏನೂ ಹಾಕಿಲ್ಲ. ಒಂದು, 9:30ರಿಂದ 4:30ರವರೆಗೆ ಶಾಲೆ ಹತ್ರ ಇದ್ರೆ ವೈಬ್ರೇಟ್. ಎರಡು, ಚಾರ್ಜಿಗೆ ಹಾಕಿದ್ರೆ ಸೈಲೆಂಟ್ (ರಾತ್ರಿ ಮಲಗೋವಾಗ ಹಾಕ್ತೀನಲ್ಲ ಅಂತ). ಮೂರು, ಶಾಲೆ ಬಿಟ್ಟು ಹೊರಟ್ರೆ ಅಮ್ಮಂಗೆ horate ಅಂತ ಎಸ್ಎಮ್ಎಸ್. ಅಮ್ಮಂದು ಕೀಪ್ಯಾಡ್ ಫೋನು, ಕನ್ನಡದಲ್ಲಿ ಕಳಿಸಿದ್ರೆ ಬರೀ ಚೌಕ ಚೌಕ ಬರುತ್ತೆ, ಅದಕ್ಕೆ ಇಂಗ್ಲಿಷ್ ಅಕ್ಷರ.

ಮೊದಲ ಒಂದು ವಾರ ಎಂಥಾ ಚೆನ್ನಾಗಿತ್ತು ಅಂದ್ರೆ ಸ್ಟಾಫ್ ರೂಮಲ್ಲಿ ಎಲ್ರಿಗೂ ತೋರ್ಸಿ ಬೀಗಿದ್ದೆ. ಈಗ ನಾಲ್ಕೈದು ದಿನದಿಂದ ಫೋನು ವೈಬ್ರೇಟಲ್ಲೇ ಕೂತಿದೆ, ಮನೇಲೂ ವೈಬ್ರೇಟ್, ಬಸ್ಸಲ್ಲೂ ವೈಬ್ರೇಟ್, ನಾನೇ ಕೈಯಲ್ಲಿ ಸೌಂಡಿಗೆ ಹಾಕಿದ್ರೂ ಮಾರನೇ ದಿನ ಸಂಜೆಗೆ ಮತ್ತೆ ಅದೇ ಕತೆ. ಸಾಲದು ಅಂತ ಮೊನ್ನೆ ಅಮ್ಮಂಗೆ horate ಮೂರು ಸಲ ಹೋಗಿದೆ, 11:20ಕ್ಕೆ, 11:46ಕ್ಕೆ, 1:05ಕ್ಕೆ. ನಾನು ಆವಾಗ ಕ್ಲಾಸಲ್ಲಿ ಪೈಥಾಗೊರಸ್ ಮಾಡ್ತಾ ನಿಂತಿದ್ದೆ. ಅವರು ಮೊದಲ್ನೇ ಮೆಸೇಜಿಗೇ ಮುದ್ದೆಗೆ ಎಸರಿಟ್ಟು ಕಾದಿದಾರೆ. ಎಲ್ಲಿ ತಪ್ಪಿದೀನಿ?

ಕಂಪನಿ ಯಾವ್ದು ಅಂತ ಕೇಳ್ಬೇಡಿ, ಬ್ರಾಂಡ್ ಜಗಳ ಶುರುವಾಗುತ್ತೆ.

ಬಿಸಿಬಿಸಿ_ಬಜ್ಜಿ

ಮೇಷ್ಟ್ರೇ ಸುಮ್ನೆ ಟಾಸ್ಕರ್ ಹಾಕ್ಕೊಳ್ಳಿ, ಎಲ್ಲಾ ಮಾಡುತ್ತೆ.

ಅರಸೀಕೆರೆ_ಮೇಷ್ಟ್ರು

ಮೊದಲ್ನೇ ಸಾಲಲ್ಲೇ ಬೇರೆ ಆಪ್ ಬೇಡ ಅಂತ ಬರ್ದಿದೀನಲ್ಲಪ್ಪ. ಮಕ್ಕಳ ಉತ್ತರಪತ್ರಿಕೆ ನೆನಪಾಯ್ತು.

ನಡುಮನೆ_ರಿಪೇರಿ

ಬಜ್ಜಿ ಅವ್ರೇ, ಇದರಲ್ಲಿ ಆಪ್ ತಪ್ಪೇನಿಲ್ಲ, ಟಾಸ್ಕರಲ್ಲಿ ಇದೇ ಮೂರನ್ನ ಇದೇ ಥರ ಬರೆದ್ರೆ ಅಲ್ಲೂ ಸಿಕ್ಕಾಕ್ಕೊಳುತ್ತೆ.

ಮೇಷ್ಟ್ರೇ ಒಂದು ಪ್ರಶ್ನೆ, ನೀವು ಶಾಲೇಲಿ ಫೋನ್ ಚಾರ್ಜಿಗೆ ಹಾಕ್ತೀರಾ? ಹಾಕಿದ್ರೆ ಎಷ್ಟೊತ್ತಿಗೆ ಹಾಕಿ ಎಷ್ಟೊತ್ತಿಗೆ ತೆಗೀತೀರಾ, ಕರೆಕ್ಟಾಗಿ ಹೇಳಿ.

ಅರಸೀಕೆರೆ_ಮೇಷ್ಟ್ರು

ಹೌದು ಸರ್, ಬ್ಯಾಟರಿ ಹಳೇದು, ಸಂಜೆ ಬಸ್ಸಿಗೆ ಬೇಕು ಅಂತ ಕೊನೇ ಪೀರಿಯಡ್ ಬಿಡುವಿದ್ದ ದಿನ 3:30ಕ್ಕೆ ಸ್ಟಾಫ್ ರೂಮಲ್ಲಿ ಹಾಕ್ತೀನಿ, ಹೊರಡೋವಾಗ 4:40 ಹಾಗೆ ತೆಗೀತೀನಿ. ಹೋದ ವಾರದಿಂದ ಶುರು ಮಾಡಿದ್ದು... ಓ. ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ನಡುಮನೆ_ರಿಪೇರಿ

ಅದೇ. ಈ ರೂಟೀನ್‌ಗಳು ಮುಗಿದಾಗ "ಮೊದಲು ಹೇಗಿತ್ತೋ ಹಾಗೆ ಮಾಡು" ಅನ್ನೋ ಒಂದು ಸೆಟ್ಟಿಂಗ್ ಇರುತ್ತೆ ನೋಡಿ, ಅಲ್ಲೇ ಇರೋದು ಎಡವಟ್ಟು. ಪ್ರತಿ ರೂಟೀನೂ ತಾನು ಶುರುವಾಗೋ ಹೊತ್ತಿಗೆ ಫೋನ್ ಯಾವ ಸ್ಥಿತೀಲಿತ್ತು ಅನ್ನೋದನ್ನ ಜ್ಞಾಪಕ ಇಟ್ಕೊಂಡು, ಮುಗಿಯೋವಾಗ ಅದನ್ನೇ ವಾಪಸ್ ಹಾಕುತ್ತೆ. ಒಂದೇ ರೂಟೀನ್ ಇದ್ರೆ ಏನೂ ತೊಂದ್ರೆ ಇಲ್ಲ. ಎರಡು ಒಂದರ ಮೇಲೊಂದು ಬಿದ್ದಾಗ ಕತೆ ಕೆಡೋದು.

ನಿಮ್ಮ ದಿನಾನೇ ತಗೊಳ್ಳಿ. ಬೆಳಿಗ್ಗೆ 9:30ಕ್ಕೆ ಶಾಲೆ ರೂಟೀನ್ ಶುರು, ಆವಾಗ ಫೋನ್ ಸೌಂಡಲ್ಲಿತ್ತು, ಅದು "ಸೌಂಡ್" ಅಂತ ನೆನಪಿಟ್ಕೊಂಡು ವೈಬ್ರೇಟ್ ಮಾಡ್ತು. 3:30ಕ್ಕೆ ಚಾರ್ಜಿಗೆ ಹಾಕಿದ್ರಿ, ಚಾರ್ಜ್ ರೂಟೀನ್ ಎದ್ದು ನೋಡ್ತು, ಫೋನ್ ವೈಬ್ರೇಟಲ್ಲಿದೆ, ಅದು "ವೈಬ್ರೇಟ್" ಅಂತ ನೆನಪಿಟ್ಕೊಂಡು ಸೈಲೆಂಟ್ ಮಾಡ್ತು. 4:30ಕ್ಕೆ ಶಾಲೆ ರೂಟೀನ್ ಟೈಮ್ ಮುಗೀತು, ಅದರ ಪಾಡಿಗೆ ಅದು ಸೌಂಡಿಗೆ ತಂತು. ಇಲ್ಲಿವರೆಗೂ ಸರಿ. 4:40ಕ್ಕೆ ನೀವು ವೈರ್ ಕಿತ್ರಿ, ಈಗ ಚಾರ್ಜ್ ರೂಟೀನ್ ಮುಗೀತು, ಅದರ ಜ್ಞಾಪಕದಲ್ಲಿ ಇರೋದು ವೈಬ್ರೇಟ್, ಹಾಕ್ತು ವೈಬ್ರೇಟ್. ಆಗ್ಲೇ ಮುಗಿದು ಹೋದ ಶಾಲೆಯ ವೈಬ್ರೇಟನ್ನ ಚಾರ್ಜರ್ ಮನೆಗೆ ಹೊತ್ಕೊಂಡು ಬಂದಂಗಾಯ್ತು.

ಆಮೇಲೆ ರಾತ್ರಿ ಚಾರ್ಜಿಗೆ ಹಾಕಿದ್ರಿ, ವೈಬ್ರೇಟಿಂದ ಸೈಲೆಂಟ್, ಬೆಳಿಗ್ಗೆ ಸೈಲೆಂಟಿಂದ ವೈಬ್ರೇಟ್. ಶಾಲೆಗೆ ಹೋದ್ರಿ, ಈಗ ಶಾಲೆ ರೂಟೀನಿಗೂ ಮೊದಲಿನ ಸ್ಥಿತಿ ಅಂದ್ರೆ ವೈಬ್ರೇಟೇ, ಸಂಜೆ ಅದು ವಾಪಸ್ ಹಾಕೋದೂ ವೈಬ್ರೇಟೇ. ಇನ್ನು ಸೌಂಡ್ ಅನ್ನೋದು ಯಾರ ಜ್ಞಾಪಕದಲ್ಲೂ ಉಳಿದಿಲ್ಲ, ಹಾಗಾಗಿ ನೀವು ಕೈಯಲ್ಲಿ ಹಾಕೋವರೆಗೂ ಬರಲ್ಲ.

ಎಲ್ಲಾ ಫೋನಲ್ಲೂ ಇದೇ ಕ್ರಮ ಅಂತ ನಾನು ಆಣೆ ಮಾಡಲ್ಲ. ಶಾಲೆಗೆ ಹೋಗಿ ನೋಡ್ಬೇಕಾಗಿಲ್ಲ, ಮನೇಲೇ ಪರೀಕ್ಷೆ ಮಾಡ್ಬೋದು. ಇವತ್ತು ರಾತ್ರಿ 8:00ರಿಂದ 8:10ರವರೆಗೆ ವೈಬ್ರೇಟ್ ಅಂತ ಒಂದು ತಾತ್ಕಾಲಿಕ ರೂಟೀನ್ ಮಾಡಿ, ಶುರು ಮಾಡೋ ಮೊದಲು ಫೋನ್ ಸೌಂಡಲ್ಲಿರ್ಲಿ. 8:05ಕ್ಕೆ ಚಾರ್ಜಿಗೆ ಹಾಕಿ, 8:12ಕ್ಕೆ ತೆಗೀರಿ. 8:10ಕ್ಕೆ ಏನಾಯ್ತು, 8:12ಕ್ಕೆ ಏನಾಯ್ತು, ಚೀಟೀಲಿ ಬರ್ಕೊಳ್ಳಿ.

ಅರಸೀಕೆರೆ_ಮೇಷ್ಟ್ರು

ಮಾಡ್ದೆ ಸರ್. ಊಟದ ತಟ್ಟೆ ಪಕ್ಕ ಫೋನ್ ಇಟ್ಕೊಂಡು ಗಡಿಯಾರ ನೋಡ್ತಾ ಕೂತಿದ್ದಕ್ಕೆ ಅಮ್ಮ "ಯಾರ ಫೋನಿಗೆ ಕಾಯ್ತಿದೀಯ" ಅಂದ್ರು. 8:05ಕ್ಕೆ ಸೈಲೆಂಟ್ ಆಯ್ತು. 8:10ಕ್ಕೆ ವೈರ್ ಚುಚ್ಚಿದ್ದಂಗೇ ಸೌಂಡಿಗೆ ಬಂತು, ಅಂದ್ರೆ ಚಾರ್ಜಲ್ಲಿದ್ರೂ ಸೈಲೆಂಟ್ ಹೋಯ್ತು. 8:12ಕ್ಕೆ ವೈರ್ ಕಿತ್ತೆ, ಟಿಕ್ ಅಂತ ವೈಬ್ರೇಟ್. ನೀವು ಹೇಳಿದ್ದು ಅಕ್ಷರಶಃ.

ಈಗ ಪರಿಹಾರ?

ನಡುಮನೆ_ರಿಪೇರಿ

ಎರಡು ಕೆಲಸ. ಮೊದಲ್ನೇದು, ಎರಡು ರೂಟೀನ್ ಒಂದೇ ಹೊತ್ತಲ್ಲಿ ಬೀಳದ ಹಾಗೆ ಮಾಡಿ. ಚಾರ್ಜ್ ರೂಟೀನಿಗೆ ಇನ್ನೊಂದು ಷರತ್ತು ಸೇರ್ಸಿ, ರಾತ್ರಿ 10:30ರಿಂದ ಬೆಳಿಗ್ಗೆ 5:30, ಆವಾಗ ಎರಡೂ ಒಟ್ಟಿಗೆ ನಿಜ ಆದ್ರೆ ಮಾತ್ರ ಅದು ಏಳೋದು. 3:30ರ ಚಾರ್ಜಿಂಗ್ ಅದಕ್ಕೆ ಕಾಣೋದೇ ಇಲ್ಲ.

ಎರಡನೇದು, ವಾಪಸ್ ಹಾಕೋ ಸೆಟ್ಟಿಂಗನ್ನ ನಂಬ್ಕೊಂಡು ಕೂರ್ಬೇಡಿ. ದಿನಾ 5:00 ಗಂಟೆಗೆ ಸರಿಯಾಗಿ "ಸೌಂಡ್, ರಿಂಗ್ ವಾಲ್ಯೂಮ್ ಇಷ್ಟು" ಅಂತ ಒಂದು ರೂಟೀನ್ ಬೇರೆ ಇಡಿ. ಮಧ್ಯಾಹ್ನ ಏನೇ ಎಡವಟ್ಟಾಗಿರ್ಲಿ ಐದು ಗಂಟೆಗೆ ಎಲ್ಲಾ ಅಳಿಸಿ ಸರಿ ಮಾಡುತ್ತೆ. ಒಂದು ಗಮನ, ಇಲ್ಲಿ ಅವಧಿ ಕೊಡ್ಬೇಡಿ, ಬರೀ ಒಂದು ಗಳಿಗೆ ಕೊಡಿ. ಅವಧಿ ಕೊಟ್ರೆ ಅದೂ ಮುಗಿಯೋವಾಗ ಏನೋ ವಾಪಸ್ ಹಾಕಕ್ಕೆ ಹೋಗುತ್ತೆ.

ಧಾರವಾಡ_ನೈಟ್‌ಡ್ಯೂಟಿ

ಸರ ನಡುವ ಬಾಯಿ ಹಾಕ್ತೀನಿ ಬ್ಯಾಸರ ಮಾಡ್ಕೋಬ್ಯಾಡ್ರಿ. ನಾ ನರ್ಸ್ ಅದೀನಿ, ಮಲಗೂದ ಹಗಲಿಗೆ, ನಾನೂ ಚಾರ್ಜಿಗೆ ಹಾಕಿದ್ರ ಸೈಲೆಂಟ್ ಅಂತ ಇಟ್ಟಿದ್ದೆ. ಏನಾತು ಗೊತ್ತೇನ್ರಿ, ಮಧ್ಯಾಹ್ನ ಕರೆಂಟ್ ಹೋಗ್ತಿತ್ತು, ಫೋನಿಗೆ ಚಾರ್ಜರ್ ಕಿತ್ತಂಗ ಅನಿಸಿ ಸೌಂಡ್ ಆನ್ ಆಗ್ತಿತ್ತು, ಅಷ್ಟರಾಗ ಅಕ್ಕನ ಮಕ್ಕಳ ಗ್ರೂಪಿನ್ಯಾಗ ಗುಡ್ ಆಫ್ಟರ್‌ನೂನ್ ಸುರು. ಕರೆಂಟ್ ಬಂದ್ರ ಮತ್ತ ಸೈಲೆಂಟ್. ಒಂದ ದಿನ ನಾಕ ಸಲ ಎಬ್ಬಿಸೇತಿ. ಮೇಷ್ಟ್ರಿಗೆ ರಾತ್ರಿ ಎರಡಕ್ಕ ಹಂಗ ಆದ್ರ?

ನಾ ಈಗ ಚಾರ್ಜ್ ಗೀರ್ಜ್ ಎಲ್ಲಾ ತಗದ ಒಗದೀನಿ. ಬರೇ ಟೈಮ್, ಅದೂ ಸೈಲೆಂಟ್ ಅಲ್ಲ, ಡು ನಾಟ್ ಡಿಸ್ಟರ್ಬ್. ಸ್ಟಾರ್ ಹಾಕಿದ ನಾಕ ಮಂದಿ ಮತ್ತ ವಾರ್ಡಿನ ನಂಬರ್ ಅಷ್ಟ ಬಡೀತೈತಿ. ಆದ್ರ ಒಂದ ತಿಂಗಳ ಅದೂ ಬಡೀಲಿಲ್ರಿ, ಸ್ಟಾರ್ ಇದ್ರೂ. ಯಾಕಂತ ಭಾಳ ದಿನ ತಿಳೀಲಿಲ್ಲ.

ನಡುಮನೆ_ರಿಪೇರಿ

ಅಕ್ಕ, ಫೋನ್ ಸೈಲೆಂಟಲ್ಲೂ ಇದ್ದು ಡು ನಾಟ್ ಡಿಸ್ಟರ್ಬೂ ಇತ್ತಾ?

ಧಾರವಾಡ_ನೈಟ್‌ಡ್ಯೂಟಿ

ಹೌದ್ರಿ ಹೌದ! ಹಳೇ ರೂಟೀನ್ ಒಂದ ಆಫ್ ಮಾಡೂದು ಮರ್ತಿದ್ದೆ. ಸ್ಟಾರ್ ಹಾಕಿದವರಿಗೆ ಬಾಗಿಲ ತಗೀತಿತ್ತು, ಆದ್ರ ಒಳಗ ಗಂಟೀನ ಇರಲಿಲ್ಲ.

ನಡುಮನೆ_ರಿಪೇರಿ

ಸರಿಯಾಗಿ ಹೇಳಿದ್ರಿ. ಡು ನಾಟ್ ಡಿಸ್ಟರ್ಬ್ ಯಾರನ್ನ ಬಿಡ್ಬೇಕು ಅಂತ ನೋಡುತ್ತೆ ಅಷ್ಟೇ, ಬಿಟ್ಟವರ ಕಾಲ್ ಎಷ್ಟು ಜೋರಾಗಿ ಬಡೀಬೇಕು ಅನ್ನೋದು ಫೋನಿನ ಸೌಂಡ್ ಮೋಡ್ ಕೈಲಿ. ಹಾಗಾಗಿ ಮಲಗೋ ರೂಟೀನಲ್ಲಿ ಸೌಂಡ್ ಮೋಡ್ ಮುಟ್ಟಲೇಬಾರದು, ಡು ನಾಟ್ ಡಿಸ್ಟರ್ಬ್ ಒಂದೇ ಹಾಕ್ಬೇಕು. ಅದರೊಳಗೆ ಒಂದೇ ನಂಬರಿಂದ 15 ನಿಮಿಷದೊಳಗೆ ಎರಡನೇ ಸಲ ಕಾಲ್ ಬಂದ್ರೆ ಬಿಡು ಅನ್ನೋದೂ ಒಂದು ಆಯ್ಕೆ ಇದೆ, ವಯಸ್ಸಾದೋರು ಮನೇಲಿದ್ರೆ ಅದನ್ನ ಆನ್ ಇಟ್ಕೊಳ್ಳಿ. ಅಲಾರಾಂ ಬಿಡೋ ಆಯ್ಕೇನೂ ಒಂದ್ಸಲ ನೋಡ್ಬಿಡಿ, ಸೈಲೆಂಟ್ ಅಲಾರಾಂ ತಡೆಯಲ್ಲ, ಡು ನಾಟ್ ಡಿಸ್ಟರ್ಬಲ್ಲಿ ಅಲಾರಾಂ ಬಿಡ್ಬೇಡ ಅಂತ ಇದ್ರೆ ತಡೆಯುತ್ತೆ.

ಮೇಷ್ಟ್ರೇ, ಕರೆಂಟಿನ ಮಾತು ನಂಗೆ ಹೊಳೀಲಿಲ್ಲ, ನಮ್ಮನೇಲಿ ಯುಪಿಎಸ್ ಇದೆ. ಅಕ್ಕ ಹೇಳಿದ್ದೇ ಸರಿ, ಚಾರ್ಜ್ ಷರತ್ತನ್ನ ಪೂರ್ತಿ ಬಿಡಿ. ಮಲಗೋದಕ್ಕೂ ಚಾರ್ಜಿಗೂ ಗಂಟು ಹಾಕ್ಬೇಡಿ.

ಎಲೆಕೊಯ್ಲು

ನನ್ನ ಫೋನಲ್ಲಿ 80 ಪರ್ಸೆಂಟಿಗೆ ಚಾರ್ಜ್ ನಿಲ್ಸೋ ಆಪ್ಷನ್ ಆನ್ ಇದೆ, 80 ಮುಟ್ಟಿದ ಕೂಡ್ಲೇ ಚಾರ್ಜ್ ರೂಟೀನ್ ಮುಗಿದೋಗುತ್ತೆ ಅಂತ ನಂಗೆ ಅನುಮಾನ. ಯಾರಿಗಾದ್ರೂ ಹಾಗಾಗಿದ್ಯಾ?

ಬಿಸಿಬಿಸಿ_ಬಜ್ಜಿ

ನಂಗೆ ಹಾಗೇನಿಲ್ಲ. 80ಕ್ಕೆ ನಿಂತಿರುತ್ತೆ, ರೂಟೀನ್ ಓಡ್ತಾನೇ ಇರುತ್ತೆ.

ನಡುಮನೆ_ರಿಪೇರಿ

ವೈರ್ ಚುಚ್ಚಿದೆ ಅನ್ನೋದು ಒಂದು, ಬ್ಯಾಟರಿ ತುಂಬ್ತಾ ಇದೆ ಅನ್ನೋದು ಇನ್ನೊಂದು, ಆಂಡ್ರಾಯ್ಡಿಗೆ ಇವೆರಡೂ ಬೇರೆ ಬೇರೆ. ರೂಟೀನ್ ಯಾವ್ದನ್ನ ನೋಡುತ್ತೆ ಅನ್ನೋದರ ಮೇಲೆ ನಿಮ್ಮಿಬ್ಬರಲ್ಲಿ ಯಾರು ಸರಿ ಅನ್ನೋದು ನಿಂತಿದೆ, ಇಬ್ರೂ ಸರಿ ಇರ್ಬೋದು. 78ಕ್ಕೆ ಹಾಕಿ ಪಕ್ಕದಲ್ಲೇ ಕೂತು ನೋಡ್ಬಿಡಿ.

ಸೊರಬ_ಸುಬ್ಬ

ಮೆಸೇಜ್ ಮೂರು ಸಲ ಹೋಗಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಅದು ಸಿಂಪಲ್ ಮೇಷ್ಟ್ರೇ, ಜಿಪಿಎಸ್ ಹೈ ಅಕ್ಯುರೆಸಿ ಆಫ್ ಇರ್ಬೇಕು ನಿಮ್ದು. ಜಿಪಿಎಸ್ ಯಾವಾಗ್ಲೂ ಆನ್ ಇಟ್ರೆ ಕರೆಕ್ಟಾಗಿ ಹೇಳುತ್ತೆ, ಆದ್ರೆ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತೆ. ಅದರ ಬದಲು ಟೈಮ್ ಹಾಕ್ಬಿಡಿ, "ಶಾಲೆಯಿಂದ ಆಚೆ" ಜೊತೆಗೆ 4:15ರಿಂದ 5:30. ಬೆಳಿಗ್ಗೆ 11:20ಕ್ಕೆ ಹೋಗೋ ಮಾತೇ ಇಲ್ಲ.

ಅರಸೀಕೆರೆ_ಮೇಷ್ಟ್ರು

ಥ್ಯಾಂಕ್ಸ್ ಸುಬ್ಬಣ್ಣ, ಇವತ್ತೇ ಹಾಕ್ದೆ.

ಅರಸೀಕೆರೆ_ಮೇಷ್ಟ್ರು

ಮೂರು ದಿನ ಆದ್ಮೇಲೆ ಬರೀತಿದೀನಿ. ಶುಕ್ರವಾರ ಶನಿವಾರ ಪರ್ವಾಗಿಲ್ಲ. ಇವತ್ತು ಭಾನುವಾರ, ಹಜಾರದಲ್ಲಿ ಅಮ್ಮನ ಪಕ್ಕದಲ್ಲೇ ಕೂತು ಕಡ್ಲೇಕಾಯಿ ಸುಲೀತಿದೀನಿ, 4:15ಕ್ಕೆ ಅವರ ಫೋನ್ ಕುಂಯ್ ಅಂತು. ತೆಗೆದು ಓದಿದ್ರು. horate. ನನ್ನ ಮುಖ ನೋಡಿದ್ರು. "ಎಲ್ಲಿಗೋ ಹೊರಟಿದೀಯ?" ಅಂದ್ರು.

ಸುಬ್ಬಣ್ಣ ಇದಕ್ಕೆ ನಾನೇನು ಉತ್ತರ ಕೊಡ್ಲಿ?

ಸೊರಬ_ಸುಬ್ಬ

😂😂 ಸಾರಿ ಮೇಷ್ಟ್ರೇ. ಭಾನುವಾರ ಟಿಕ್ ತೆಗೀರಿ.

ನಡುಮನೆ_ರಿಪೇರಿ

ಭಾನುವಾರ ತೆಗೆದ್ರೆ ದಸರಾ ರಜೇಲಿ ಹೋಗುತ್ತೆ, ಸಿಎಲ್ ಹಾಕಿದ ದಿನ ಹೋಗುತ್ತೆ. ಸುಬ್ಬಣ್ಣ ಅರ್ಧ ಸರಿ, ಟೈಮ್ ಹಾಕೋದು ಬೇಕೇ ಬೇಕು. ಆದ್ರೆ "ಶಾಲೆ ಬಿಟ್ಟು ಹೊರಟ ಗಳಿಗೆ" ಬೇರೆ, "ಶಾಲೇಲಿ ಇಲ್ಲದೆ ಇರೋದು" ಬೇರೆ. ಮೇಷ್ಟ್ರ ಫೋನು ಎರಡನೇದನ್ನ ನೋಡ್ತಿದೆ ಅಂತ ಭಾನುವಾರದ ಮೆಸೇಜೇ ಹೇಳ್ತಿದೆ. 4:15 ಆಯ್ತು, ಮೇಷ್ಟ್ರು ಶಾಲೇಲಿಲ್ಲ, ಎರಡೂ ನಿಜ, ಕಳಿಸ್ತು. ಅದರ ಪ್ರಕಾರ ಅವರು ಮನೇಲಿದ್ರೂ ಒಂದೇ, ಕಾಶೀಲಿದ್ರೂ ಒಂದೇ.

ಇನ್ನು ಜಿಪಿಎಸ್ ವಿಷ್ಯ. ಜಾಗ ನೋಡೋ ರೂಟೀನ್ ದಿನವಿಡೀ ಜಿಪಿಎಸ್ ಓಡಿಸಲ್ಲ, ಓಡಿಸಿದ್ರೆ ಸುಬ್ಬಣ್ಣ ಹೇಳ್ದಂಗೆ ಬ್ಯಾಟರಿ ಸತ್ತೇಹೋಗ್ತಿತ್ತು. ಲೊಕೇಶನ್ ಆನ್ ಇರ್ಬೇಕು ನಿಜ, ಆದ್ರೆ ಫೋನು ಹೆಚ್ಚಾಗಿ ಸುತ್ತಮುತ್ತಲಿನ ವೈಫೈ ಹೆಸರು, ಟವರ್ ಇವನ್ನ ನೋಡಿ ಅಂದಾಜು ಮಾಡುತ್ತೆ. ಪೇಟೇಲಿ ಮನೆಮನೆಗೂ ವೈಫೈ ಇರೋದ್ರಿಂದ ಅಂದಾಜು 20ರಿಂದ 50 ಮೀಟರ್ ಒಳಗೆ ಬರುತ್ತೆ. ಹಳ್ಳಿ ಶಾಲೇಲಿ ವೈಫೈ ಸಿಗದೆ ಬರೀ ಟವರ್ ಆದ್ರೆ ಅದು ನೂರಾರು ಮೀಟರ್, ಕೆಲವು ಸಲ ಕಿಲೋಮೀಟರ್‌ಗಟ್ಟಲೆ ತಪ್ಪುತ್ತೆ. ಮೇಷ್ಟ್ರು ನಿಂತಲ್ಲೇ ನಿಂತಿದಾರೆ, ಫೋನು ಒಂದು ಟವರ್ ಬಿಟ್ಟು ಇನ್ನೊಂದನ್ನ ಹಿಡೀತು, ಮ್ಯಾಪಲ್ಲಿ ಅವರು ಪಕ್ಕದೂರಿಗೆ ಹಾರಿದ್ರು, ವಾಪಸ್ ಬಂದ್ರು, ಮತ್ತೆ ಹಾರಿದ್ರು. 11:20, 11:46, 1:05. ಶಾಲೆ ಸುತ್ತ ಎಷ್ಟು ದೊಡ್ಡ ವೃತ್ತ ಹಾಕಿದೀರಾ?

ಅರಸೀಕೆರೆ_ಮೇಷ್ಟ್ರು

ಕಾಂಪೌಂಡಿಗೆ ಸರಿಯಾಗಿ ಹಾಕಿದೀನಿ, ಎಷ್ಟು ಸಣ್ಣದಕ್ಕೆ ಹೋಗುತ್ತೋ ಅಷ್ಟಕ್ಕೆ. ಸಣ್ಣದಿದ್ರೆ ಕರೆಕ್ಟಾಗಿರುತ್ತೆ ಅಂತ ಅಂದ್ಕೊಂಡೆ.

ನಡುಮನೆ_ರಿಪೇರಿ

ಎಲ್ರೂ ಮಾಡೋ ತಪ್ಪೇ ಅದು. ಆಂಡ್ರಾಯ್ಡ್ ಮಾಡೋರೇ ಕನಿಷ್ಠ 100ರಿಂದ 150 ಮೀಟರ್ ಇಡಿ ಅಂತಾರೆ, ಅದೂ ವೈಫೈ ಇರೋ ಕಡೆ. ನಿಮ್ಮ ಊರಿಗೆ 500 ಮೀಟರ್ ಇಟ್ರೂ ಕಮ್ಮೀನೇ. ಸೆಟ್ಟಿಂಗಲ್ಲಿ ಲೊಕೇಶನ್ ಒಳಗೆ ವೈಫೈ ಸ್ಕ್ಯಾನಿಂಗ್ ಅಂತಿರುತ್ತೆ, ಅದನ್ನೂ ಆನ್ ಮಾಡಿ, ಊರಲ್ಲಿ ಒಂದೆರಡು ಮನೇಲಿ ವೈಫೈ ಇದ್ರೂ ಉಪಯೋಗಕ್ಕೆ ಬರುತ್ತೆ.

ಮೆಸೇಜಿಗೆ ನನ್ನ ಸಲಹೆ, ಶಾಲೆಯಿಂದ ಹೊರಟಿದ್ದನ್ನ ನೋಡೋದೇ ಬೇಡ. ಬಸ್ ಎಲ್ಲಿ ಹತ್ತೀರಾ?

ಅರಸೀಕೆರೆ_ಮೇಷ್ಟ್ರು

ಹಳ್ಳಿಯಿಂದ ಆಟೋನೋ ಯಾರ್ದೋ ಬೈಕೋ ಸಿಕ್ಕಿದ್ದರಲ್ಲಿ ತಿಪಟೂರು ಬಸ್ ಸ್ಟ್ಯಾಂಡು, ಅಲ್ಲಿಂದ ಅರಸೀಕೆರೆ ಬಸ್ಸು.

ನಡುಮನೆ_ರಿಪೇರಿ

ಹಾಗಾದ್ರೆ "ತಿಪಟೂರು ಬಸ್ ಸ್ಟ್ಯಾಂಡ್ ಮುಟ್ಟಿದಾಗ, 4:30ರಿಂದ 6:30ರ ಒಳಗೆ" ಅಂತ ಹಾಕಿ. ಪೇಟೆ ಮಧ್ಯ, ಅಂದಾಜು ಚೆನ್ನಾಗಿ ಬರುತ್ತೆ. ಮನೇಲಿದ್ದ ದಿನ ನೀವು ಅಲ್ಲಿರಲ್ಲ, ಹಾಗಾಗಿ ಭಾನುವಾರ ಕಡ್ಲೇಕಾಯಿ ಸುಲಿಯೋವಾಗ ಹೋಗಲ್ಲ. ಎಂದಾದ್ರೂ ರಜಾ ದಿನ ಸಂಜೆ ಕೆಲಸದ ಮೇಲೆ ಬಸ್ ಸ್ಟ್ಯಾಂಡಿಗೆ ಹೋದ್ರೆ ಒಂದು ಹೆಚ್ಚು ಮೆಸೇಜ್, ಅದೂ ಸುಳ್ಳಲ್ಲ ಬಿಡಿ. ಬೆಳಿಗ್ಗೆ ಹೋಗೋವಾಗಲೂ ಅದೇ ಸ್ಟ್ಯಾಂಡ್, ಆದ್ರೆ ಟೈಮ್ ತಡೆಯುತ್ತೆ.

ಕಾಲು ಇಟ್ಟ ಕ್ಷಣಕ್ಕೇ ಹೋಗುತ್ತೆ ಅಂತ ಮಾತ್ರ ಅಂದ್ಕೋಬೇಡಿ. ಫೋನ್ ಜೇಬಲ್ಲಿ ಮಲಗಿದ್ದಾಗ ಜಾಗ ಬದಲಾಗಿದ್ದನ್ನ ಗಮನಿಸಕ್ಕೆ ಎರಡು ಮೂರು ನಿಮಿಷ ಮಾಮೂಲಿ, ತುಂಬಾ ಹೊತ್ತು ಅಲುಗಾಡದೆ ಇದ್ರೆ ಆರು ನಿಮಿಷದವರೆಗೂ. ದಾರೀಲಿ ಸಣ್ಣ ಊರೊಂದನ್ನ ಗುರುತು ಹಾಕಿದ್ರೆ ಬಸ್ಸು ಅದನ್ನ ಮೂರು ನಿಮಿಷದಲ್ಲಿ ದಾಟೇ ಹೋಗಿರುತ್ತೆ, ಮೆಸೇಜ್ ಹೋಗದೇನೂ ಇರ್ಬೋದು. ಬಸ್ ಸ್ಟ್ಯಾಂಡಲ್ಲಿ ಹೆಂಗೂ ಹತ್ತು ನಿಮಿಷ ಕಾಯ್ತೀರಲ್ಲ, ಅದಕ್ಕೇ ಆ ಜಾಗ.

ಹೆಬ್ಬಾಳ_ಫ್ಲೈಓವರ್

ಇಷ್ಟೆಲ್ಲಾ ಯಾಕೆ, ಗೂಗಲ್ ಮ್ಯಾಪ್ಸಲ್ಲಿ ಲೈವ್ ಲೊಕೇಶನ್ ಶೇರ್ ಮಾಡಿ ಮುಗೀತು. ನಾವೆಲ್ಲಾ ಫ್ಯಾಮಿಲಿಗೆ ಅದೇ ಮಾಡಿರೋದು.

ಅರಸೀಕೆರೆ_ಮೇಷ್ಟ್ರು

ಅಮ್ಮಂದು ಕೀಪ್ಯಾಡ್ ಫೋನ್ ಸ್ವಾಮಿ. ಮ್ಯಾಪ್ ಅಂದ್ರೆ ಅವರಿಗೆ ನಮ್ಮ ಶಾಲೆ ಗೋಡೆ ಮೇಲೆ ಬರೆದಿರೋ ಭಾರತದ ನಕ್ಷೆ.

ಹೆಬ್ಬಾಳ_ಫ್ಲೈಓವರ್

ಸಾರಿ ಸರ್ ಅದು ಕಣ್ಣಿಗೆ ಬೀಳ್ಲಿಲ್ಲ. ಹಾಗಾದ್ರೆ ಐಫೋನ್ ಪ್ರಶ್ನೆ ಇಲ್ಲೇ ಕೇಳ್ಬಿಡ್ತೀನಿ. Shortcuts ಒಳಗೆ Automation ಅಂತಿದ್ಯಲ್ಲ, ಅದರಲ್ಲಿ ಆಫೀಸ್ ಬಿಟ್ರೆ ಹೆಂಡ್ತಿಗೆ ಮೆಸೇಜ್ ಅಂತ ಮಾಡಿದೀನಿ, ಪ್ರತಿ ಸಲ "ಓಡಿಸಲಾ" ಅಂತ ಕೇಳುತ್ತೆ, ಒತ್ತೋದು ಮರೀತೀನಿ, ಅವಳು ಬೈತಾಳೆ.

ಎಲೆಕೊಯ್ಲು

ಆ ಆಟೋಮೇಶನ್ ತೆಗೆದು ನೋಡಿ, Run After Confirmation ಅಂತಿರುತ್ತೆ, ಅದನ್ನ Run Immediately ಮಾಡಿ. Notify When Run ಆನ್ ಇಟ್ಕೊಳ್ಳಿ, ಹೋಯ್ತೋ ಇಲ್ವೋ ಗೊತ್ತಾಗುತ್ತೆ. ನಮ್ಮನೇಲಿ ಅಣ್ಣಂದು ಪಿಕ್ಸೆಲ್, ಅದರಲ್ಲಿ Rules ಅಂತ ಇದೆ, ವೈಫೈನೋ ಜಾಗಾನೋ ನೋಡಿ ರಿಂಗ್, ವೈಬ್ರೇಟ್, ಸೈಲೆಂಟ್, ಡು ನಾಟ್ ಡಿಸ್ಟರ್ಬ್ ಬದಲಾಯಿಸುತ್ತೆ ಅಷ್ಟೇ, ಮೆಸೇಜ್ ಕಳ್ಸೋದು ಅಲ್ಲಿಲ್ಲ. ಸ್ಯಾಮ್ಸಂಗಲ್ಲಿ Modes and Routines. ಹೊಸ ಫೋನ್ ತಗೊಳ್ಳೋರು ಅಂಗಡೀಲೇ ಮೆಸೇಜ್ ಆಯ್ಕೆ ಪಟ್ಟೀಲಿದ್ಯಾ ಅಂತ ನೋಡ್ಕೊಳ್ಳಿ.

ತೋಟದ_ಮನೆ

ನಮಸ್ಕಾರ. ನಾನು ಹಿರಿಯೂರು ಕಡೆಯವನು. ನಿಮ್ಮ ಚರ್ಚೆ ಓದ್ತಾ ನಂದೂ ಒಂದು ಕೇಳೋಣ ಅನಿಸ್ತು. ತೋಟದ ಪಂಪ್ ಹೌಸಲ್ಲಿ ಒಂದು ಹಳೇ ಫೋನ್ ಚಾರ್ಜರಿಗೆ ಹಾಕಿ ಇಟ್ಟಿದೀನಿ, ಚಾರ್ಜ್ ಶುರುವಾದ್ರೆ current bantu ಅಂತ ನನ್ನ ಫೋನಿಗೆ ಮೆಸೇಜ್, ನಿಂತ್ರೆ current hoytu. ರಾತ್ರಿ ಎರಡು ಗಂಟೇಲಿ ತ್ರೀ ಫೇಸ್ ಬರೋದನ್ನ ಕಾಯ್ತಾ ತೋಟದಲ್ಲೇ ಮಲಗೋದು ತಪ್ಪಿದೆ. ಐಡಿಯಾ ನಂದೇ, ಖರ್ಚು ಸೊನ್ನೆ.

ತೊಂದ್ರೆ ಏನು ಅಂದ್ರೆ ಮೆಸೇಜ್ ಬಂತು ಅಂತ ಎದ್ದು ಹೋದ್ರೆ ಮೋಟರ್ ಎತ್ತಲ್ಲ. ಇನ್ನೊಂದು, ಮಳೆ ಗಾಳಿ ದಿನ ಕರೆಂಟ್ ಬಂದು ಹೋಗಿ ಬಂದು ಹೋಗಿ ಮಾಡಿದಾಗ ಒಂದೇ ರಾತ್ರಿ 40 ಮೆಸೇಜ್ ಬಂದಿತ್ತು, ಬೆಳಿಗ್ಗೆ ಹೊತ್ತಿಗೆ ಮೆಸೇಜ್ ಹೋಗೋದೇ ನಿಂತಿತ್ತು.

ಸೊರಬ_ಸುಬ್ಬ

ಬೆಂಕಿ ಐಡಿಯಾ ಗುರೂ 🔥

ನಡುಮನೆ_ರಿಪೇರಿ

ಯಜಮಾನ್ರೇ ಐಡಿಯಾ ನಿಜವಾಗ್ಲೂ ಚೆನ್ನಾಗಿದೆ. ಮೋಟರ್ ಎತ್ತದೆ ಇರೋದಕ್ಕೆ ಕಾರಣ, ಫೋನ್ ಚಾರ್ಜರ್ ಒಂದು ಫೇಸ್ ಒಂದು ನ್ಯೂಟ್ರಲ್ ಸಿಕ್ಕಿದ್ರೆ ಸಾಕು ಕೆಲಸ ಮಾಡುತ್ತೆ. ಮನೆ ದೀಪಕ್ಕೆ ಅಂತ ಸಿಂಗಲ್ ಫೇಸ್ ಬಿಟ್ಟಾಗ್ಲೂ ಅದಕ್ಕೆ ಕರೆಂಟ್ ಬಂದಂಗೇ. ಫೋನಿಗೆ ತ್ರೀ ಫೇಸ್ ಅನ್ನೋದು ಗೊತ್ತಾಗೋ ದಾರಿ ಇಲ್ಲ. ಮೂರೂ ಫೇಸ್ ಸರಿ ಇದ್ರೆ ಮಾತ್ರ ಚಾರ್ಜರಿಗೆ ಕರೆಂಟ್ ಹೋಗೋ ಹಾಗೆ ಮಾಡ್ಬೇಕು. ನಿಮ್ಮ ಸ್ಟಾರ್ಟರ್ ಬಾಕ್ಸಲ್ಲಿ ಪ್ರಿವೆಂಟರ್ ಇದ್ರೆ ಅದು ಮಾಡೋ ಕೆಲಸಾನೇ ಮೂರೂ ಫೇಸ್ ಇದ್ಯಾ ಅಂತ ನೋಡೋದು, ಅದರ ಮೂಲಕ ಚಾರ್ಜರ್ ಸಾಕೆಟ್ ಕೊಡಕ್ಕಾಗುತ್ತಾ ಅಂತ ಮೋಟರ್ ರಿಪೇರಿಯವರನ್ನೇ ಕೇಳಿ. ನೀವೇ ಕೈ ಹಾಕ್ಬೇಡಿ, ಅಲ್ಲಿ 400ರ ಮೇಲೆ ವೋಲ್ಟ್ ಇರುತ್ತೆ.

ಮೆಸೇಜ್ ನಿಂತಿದ್ದಕ್ಕೆ ಪ್ಯಾಕ್ ನೋಡಿ. ದಿನಕ್ಕೆ 100 ಎಸ್ಎಮ್ಎಸ್ ಇರೋ ಪ್ಯಾಕ್ ಅಂದ್ರೆ 40ಕ್ಕೆ ನಿಲ್ಬಾರ್ದು. ಕಮ್ಮಿ ದುಡ್ಡಿನ ಪ್ಯಾಕಲ್ಲಿ ಒಟ್ಟು ಲೆಕ್ಕದಲ್ಲಿ ಕೊಟ್ಟಿರ್ತಾರೆ, ಅದು ಒಂದೇ ರಾತ್ರೀಲಿ ಖಾಲಿಯಾಗಿರ್ಬೋದು. ಆ ಫೋನಲ್ಲೇ ಮೆಸೇಜ್ ಆಪ್ ತೆಗೆದು ನೋಡಿ, ಹೋಗದೆ ಇರೋದಕ್ಕೆ ಗುರುತು ಬಿದ್ದಿರುತ್ತೆ. hoytu ರೂಟೀನ್ ತೆಗೆದ್ಬಿಟ್ರೆ ಅರ್ಧಕ್ಕರ್ಧ ಉಳಿಯುತ್ತೆ, ಕರೆಂಟ್ ಹೋಗಿದ್ದು ನಿಮಗೆ ಹೆಂಗೂ ಬೇಡ. ಬರೆಯೋದು ಇಂಗ್ಲಿಷ್ ಅಕ್ಷರದಲ್ಲೇ ಇರ್ಲಿ, ಕನ್ನಡದಲ್ಲಿ ಒಂದು ಎಸ್ಎಮ್ಎಸ್ ಅಂದ್ರೆ 70 ಅಕ್ಷರ, ಇಂಗ್ಲಿಷಲ್ಲಿ 160, ಉದ್ದ ಬರೆದ್ರೆ ಒಂದು ಮೆಸೇಜು ಎರಡರ ಲೆಕ್ಕಕ್ಕೆ ಹೋಗುತ್ತೆ.

ಧಾರವಾಡ_ನೈಟ್‌ಡ್ಯೂಟಿ

ಎರಡ ಸಿಮ್ ಇದ್ರ ಯಾವ ಸಿಮ್ಮಿಂದ ಹೊಂಟೈತಿ ನೋಡ್ರಿ ಅಣ್ಣಾರ. ನಂದು ಪ್ಯಾಕ್ ಇಲ್ಲದ ಸಿಮ್ ಮೆಸೇಜಿಗೆ ಸೆಟ್ ಆಗಿತ್ತು, ಹದಿನೈದ ದಿನ ಮನ್ಯಾಗ ಒಂದೂ ಮುಟ್ಟಿರಲಿಲ್ಲ, ನಾ ಮಾತ್ರ ಎಲ್ಲಾ ಹೊಂಟಾವ ಅಂತ ಆರಾಮ ಇದ್ದೆ.

ತೋಟದ_ಮನೆ

ಸಿಮ್ ಒಂದೇ ಇದೆ ಅಕ್ಕ, ಪ್ಯಾಕ್ ಚಿಕ್ಕದು ಹೌದು. ಪ್ರಿವೆಂಟರ್ ಇದೆ, ಮೋಟರ್ ಸೀನನ್ನ ಕರ್ಸ್ತೀನಿ. ಆ ಫೋನಿನ ಬ್ಯಾಟರಿ ಸ್ವಲ್ಪ ಉಬ್ಬಿದಂಗಿದೆ, ಹಿಂದಿನ ಮುಚ್ಚಳ ಎದ್ದಿದೆ, ಶೀಟ್ ಮನೆ, ಬಿಸಿಲು ಜಾಸ್ತಿ. ಪರ್ವಾಗಿಲ್ವಾ?

ನಡುಮನೆ_ರಿಪೇರಿ

ಇಲ್ಲ ಇಲ್ಲ ಪರ್ವಾಗಿಲ್ಲ ಅನ್ನೋ ಮಾತೇ ಇಲ್ಲ, ಇವತ್ತೇ ಅದನ್ನ ಚಾರ್ಜರಿಂದ ತೆಗೀರಿ. ಉಬ್ಬಿದ ಬ್ಯಾಟರಿ ಶೀಟ್ ಕೆಳಗೆ, ಯಾರೂ ಇಲ್ಲದ ಕಡೆ, ರಾತ್ರಿಯಿಡೀ ಕರೆಂಟಲ್ಲಿ, ಪಕ್ಕದಲ್ಲಿ ಡ್ರಿಪ್ ಪೈಪಿನ ಸುರುಳಿ ಬೇರೆ ಇರುತ್ತೆ. ಒತ್ತಕ್ಕೆ ಚುಚ್ಚಕ್ಕೆ ಹೋಗ್ಬೇಡಿ. ಬ್ಯಾಟರಿ ಬದಲಾಯಿಸಿ ಇಲ್ಲಾ ಬೇರೆ ಫೋನ್ ಇಡಿ, ನೆರಳಲ್ಲಿ ಗಾಳಿ ಆಡೋ ಕಡೆ.

ತೋಟದ_ಮನೆ

ಆಯ್ತು ಸಾರ್, ಈಗಲೇ ಹೋಗ್ತೀನಿ.

ಅರಸೀಕೆರೆ_ಮೇಷ್ಟ್ರು

ಒಂದು ವಾರದ ವರದಿ. ಚಾರ್ಜ್ ರೂಟೀನ್ ತೆಗೆದೆ. ರಾತ್ರಿ 10:30ರಿಂದ 5:30 ಡು ನಾಟ್ ಡಿಸ್ಟರ್ಬ್, ಸೌಂಡ್ ಮುಟ್ಟಿಲ್ಲ. ಶಾಲೆ ವೃತ್ತ ದೊಡ್ಡದು ಮಾಡ್ದೆ, ಈಗ ಅರ್ಧ ಊರೇ ಶಾಲೆ. 5:00ಕ್ಕೆ ಸೌಂಡ್. ಆರು ದಿನದಲ್ಲಿ ಆರೂ ದಿನ ಸಂಜೆ ಫೋನ್ ಬಾಯಿ ಬಿಟ್ಟಿದೆ. ಬಸ್ ಸ್ಟ್ಯಾಂಡ್ ಮೆಸೇಜ್ ಐದು ದಿನ ಹೋಯ್ತು, ಒಂದೊಂದೇ. ಒಂದು ದಿನ ಹೋಗ್ಲಿಲ್ಲ, ಆವತ್ತು ಸ್ಟ್ಯಾಂಡಿಗೆ ಕಾಲಿಡೋ ಹೊತ್ತಿಗೆ ಬಸ್ ಹೊರಟಿತ್ತು, ಓಡಿ ಹತ್ತಿದೆ, ಎರಡು ನಿಮಿಷವೂ ನಿಂತಿರಲಿಲ್ಲ. ನಡುಮನೆ ಸರ್ ಹೇಳಿದ್ದೇ ಆಗಿದ್ದು.

ಈಗ ಹೊಸ ತಕರಾರು ಅಮ್ಮಂದು. ಮೆಸೇಜ್ ನಾನೇ ಬರ್ದು ಕಳಿಸ್ತಿದೀನಿ ಅಂತ ಇಷ್ಟು ದಿನ ಅಂದ್ಕೊಂಡಿದ್ರಂತೆ, ಫೋನು ತಾನೇ ಕಳ್ಸೋದು ಅಂತ ಭಾನುವಾರ ಗೊತ್ತಾದ್ಮೇಲೆ ಮೆಸೇಜ್ ಬಂದ್ರೂ ಒಂದ್ಸಲ ಕಾಲ್ ಮಾಡಿ ಕೇಳ್ತಾರೆ, "ನೀನೇ ಹೊರಟಿದ್ಯೋ, ಫೋನ್ ಹೊರಟಿದ್ಯೋ?" ಅಂತ.

ಧಾರವಾಡ_ನೈಟ್‌ಡ್ಯೂಟಿ

ಅವ್ವಾರು ಕೇಳೂದ ಖರೇನ ಐತ್ರಿ 😄

ಎಲೆಕೊಯ್ಲು

ಇವತ್ತು 78ಕ್ಕೆ ಹಾಕಿ ಪಕ್ಕದಲ್ಲಿ ಕೂತು ನೋಡ್ದೆ. 80ಕ್ಕೆ ನಿಂತಾಗ ರೂಟೀನ್ ಮುಗೀಲಿಲ್ಲ. ಆದ್ರೆ ನಿನ್ನೆ ರಾತ್ರಿ ಮುಗಿದಿತ್ತು, ಅದು ಗ್ಯಾರಂಟಿ. ವೈರ್ ಲೂಸಾ ನೋಡ್ತೀನಿ, ಬೇರೆ ಕೇಬಲ್ ಹಾಕಿ ನಾಳೆ ಹೇಳ್ತೀನಿ.